ಬಿಟ್ಟ ಸ್ಥಳಕ್ಕೆ ಒಂದೇ ಉತ್ತರವಿರಲಿ: ಇತಿಹಾಸದ ಪ್ರಶ್ನೆ ತೆಗೆಯುವವರಿಗೊಂದು ಬಹಿರಂಗ ಪತ್ರ

ಆತ್ಮೀಯ ಸಮಾಜ ವಿಜ್ಞಾನ ಶಿಕ್ಷಕ ಬಂಧುಗಳೇ,

ಘಟಕ ಪರೀಕ್ಷೆ, ಅರ್ಧವಾರ್ಷಿಕ, ತಾಲ್ಲೂಕು ಮಟ್ಟದ ಪೂರ್ವಸಿದ್ಧತಾ ಪರೀಕ್ಷೆಗಳಿಗೆ ಪ್ರಶ್ನೆಪತ್ರಿಕೆ ತೆಗೆಯುವವರು ನೀವು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತ, ಬೇರೆಯವರು ತೆಗೆದ ಪತ್ರಿಕೆಗಳ ಉತ್ತರಗಳನ್ನು ತಿದ್ದುತ್ತ ಬಂದ ನಾನು ಆ ಪತ್ರಿಕೆಗಳ ಒಂದೇ ಒಂದು ಭಾಗದ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. 'ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ಭರ್ತಿ ಮಾಡಿರಿ' ಎಂಬ ಭಾಗ ಅದು. ನೀಲನಕ್ಷೆಯಲ್ಲಿ ಅದಕ್ಕೆ ಸಿಗುವುದು ನಾಲ್ಕೈದು ಅಂಕ. ದೀರ್ಘ ಉತ್ತರದ ಪ್ರಶ್ನೆಗಳನ್ನು ಯೋಚಿಸಿ ತೆಗೆಯುವ ನಾವು, ಈ ಭಾಗಕ್ಕೆ ಬಂದಾಗ ಪಾಠದ ಒಂದು ಸಾಲನ್ನು ಎತ್ತಿಕೊಂಡು ಅದರಿಂದ ಒಂದು ಪದ ಅಳಿಸಿ ಮುಂದಕ್ಕೆ ಹೋಗುತ್ತೇವೆ. ಪಾಠದ ಸಾಲು ಪಾಠದೊಳಗೆ ಇದ್ದಾಗ ಅದರ ಹಿಂದುಮುಂದಿನ ಸಾಲುಗಳು ಅದನ್ನು ಕಾಯುತ್ತಿರುತ್ತವೆ. ಪ್ರಶ್ನೆಪತ್ರಿಕೆಗೆ ಬಂದಾಗ ಅದು ಒಂಟಿ. ಅಲ್ಲಿ ಒಂದೇ ಉತ್ತರ ಕೊಡುತ್ತಿದ್ದ ವಾಕ್ಯ ಇಲ್ಲಿ ಮೂರು ಉತ್ತರಗಳಿಗೆ ಬಾಗಿಲು ತೆರೆಯುತ್ತದೆ, ಮೂರೂ ಸರಿಯಾಗಿರುತ್ತವೆ. ಕೀ ಉತ್ತರದಲ್ಲಿ ಇರುವುದು ಮಾತ್ರ ಒಂದು.

ತೀರ ಸರಳವಾದದ್ದರಿಂದ ಶುರು ಮಾಡೋಣ.

1799ರಲ್ಲಿ ಟಿಪ್ಪು ಸುಲ್ತಾನ್ ______ ಮಡಿದನು.

ಪ್ರಶ್ನೆ ತೆಗೆದವರ ಮನಸ್ಸಿನಲ್ಲಿ ಇದ್ದದ್ದು 'ಶ್ರೀರಂಗಪಟ್ಟಣದಲ್ಲಿ'. ಒಬ್ಬ ಹುಡುಗ 'ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ' ಎಂದು ಬರೆಯುತ್ತಾನೆ. ಇನ್ನೊಬ್ಬಳು 'ಮೇ 4ರಂದು' ಎಂದು ಬರೆಯುತ್ತಾಳೆ. ಮೂರನೆಯವನು 'ಬ್ರಿಟಿಷರೊಂದಿಗೆ ಹೋರಾಡುತ್ತ' ಎನ್ನುತ್ತಾನೆ. ನಾಲ್ಕೂ ಇತಿಹಾಸಕ್ಕೆ ನಿಷ್ಠವಾದ ಮಾತುಗಳೇ. ಈ ವಾಕ್ಯ ಏನನ್ನು ಕೇಳುತ್ತಿದೆ ಎಂದು ಮಗುವಿಗೆ ಹೇಳಿಯೇ ಇಲ್ಲ. ಸ್ಥಳವೇ, ಯುದ್ಧವೇ, ದಿನವೇ, ರೀತಿಯೇ? ಖಾಲಿ ಜಾಗದ ಪಕ್ಕದಲ್ಲಿ ಉತ್ತರದ ಜಾತಿ ಯಾವುದೆಂದು ಹೇಳುವ ಒಂದು ನಾಮಪದ ಇದ್ದರೆ ಈ ಗೊಂದಲ ಹುಟ್ಟುವುದೇ ಇಲ್ಲ: '1799ರಲ್ಲಿ ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ ಕೋಟೆಪಟ್ಟಣ ______.' ಯುದ್ಧದ ಹೆಸರು ಬೇಕಿದ್ದರೆ 'ಟಿಪ್ಪು ಮಡಿದ ಆಂಗ್ಲೋ-ಮೈಸೂರು ಯುದ್ಧ ಎಷ್ಟನೆಯದು' ಎಂಬ ಅರ್ಥ ಬರುವಂತೆ ಬೇರೊಂದು ವಾಕ್ಯ ಬರೆಯಬೇಕು. ಎರಡನ್ನೂ ಒಂದೇ ಖಾಲಿ ಜಾಗದಲ್ಲಿ ತುರುಕುವುದು ಬೇಡ.

ತಿದ್ದಿದ ವಾಕ್ಯದಲ್ಲಿ ಖಾಲಿ ಜಾಗ ಕೊನೆಗೆ ಹೋಗಿರುವುದನ್ನು ಗಮನಿಸಿದಿರಾ? ಅದಕ್ಕೆ ಕಾರಣವಿದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು, ಅವು ಯಾರನ್ನು ಕುರಿತವೋ ಆ ಹೆಸರು ಕೊನೆಗೆ ಬರುವುದು ಸಹಜ. ಕ್ರಿಯಾಪದವಿಲ್ಲದೆಯೇ ವಾಕ್ಯ ಮುಗಿಯುತ್ತದೆ. ಹಾಗಾಗಿ ಬಿಟ್ಟ ಸ್ಥಳ ಕೊನೆಗಿದ್ದರೆ ಮಗು ಅಲ್ಲಿಗೆ ಬರುವಷ್ಟರಲ್ಲಿ ಬೇಕಾದ ಎಲ್ಲ ಸುಳಿವುಗಳನ್ನೂ ಓದಿ ಮುಗಿಸಿರುತ್ತದೆ. '______ ಹೊಯ್ಸಳರ ರಾಜಧಾನಿಯಾಗಿತ್ತು' ಎಂದು ಮೊದಲಲ್ಲೇ ಗೆರೆ ಎಳೆದರೆ ಅದು ಏನೆಂದು ತಿಳಿಯದೆ ಎರಡು ಬಾರಿ ಓದಬೇಕಾಗುತ್ತದೆ.

ಇನ್ನೂ ಮುಖ್ಯವಾದದ್ದು ಗೆರೆಗೆ ಅಂಟಿಕೊಂಡ ಪದಭಾಗದ ಕಾಟ. 'ಹೊಯ್ಸಳರ ರಾಜಧಾನಿ ______ವಾಗಿತ್ತು' ಎಂದು ಬರೆದರೆ ದ್ವಾರಸಮುದ್ರ ಎಂದವನಿಗೆ ವಾಕ್ಯ ಸರಿಯಾಗಿ ಕೂಡುತ್ತದೆ. ಅದೇ ಊರನ್ನು ಹಳೇಬೀಡು ಎಂದು ತಿಳಿದ ಹುಡುಗಿಗೆ 'ಹಳೇಬೀಡುವಾಗಿತ್ತು' ಎಂದು ಓದಿ ತನ್ನ ಉತ್ತರವೇ ತಪ್ಪೇನೋ ಎಂಬ ಅನುಮಾನ ಬರುತ್ತದೆ. ಅವಳಿಗೆ ಇತಿಹಾಸ ಗೊತ್ತಿದೆ, ಅಡ್ಡಿಯಾದದ್ದು ಸಂಧಿ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. 'ಕದಂಬರ ರಾಜಧಾನಿ ______ಯಾಗಿತ್ತು' ಎಂದರೆ ಏನೂ ಓದದವನಿಗೂ ಉತ್ತರ ಇಕಾರದಲ್ಲೋ ಎಕಾರದಲ್ಲೋ ಮುಗಿಯುತ್ತದೆ ಎಂಬ ಸುಳಿವು ಸಿಕ್ಕಿಬಿಡುತ್ತದೆ. ಗೆರೆಗೆ ಯಾವ ಪದಭಾಗವನ್ನೂ ಅಂಟಿಸದೆ, ಅದನ್ನು ಕೊನೆಯಲ್ಲಿ ಒಂಟಿಯಾಗಿ ಬಿಟ್ಟರೆ ಎರಡೂ ತೊಂದರೆಗಳು ತಪ್ಪುತ್ತವೆ.

ಹೊಯ್ಸಳರ ರಾಜಧಾನಿಯ ಪ್ರಶ್ನೆಗೆ ಅಂಟಿದ ಪದಭಾಗ ತೆಗೆದಷ್ಟಕ್ಕೇ ರೋಗ ವಾಸಿಯಾಗುವುದಿಲ್ಲ. ಅವರ ಮೂಲನೆಲೆ ಸೊಸೆವೂರು, ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಆಮೇಲೆ ಬೇಲೂರು, ಅನಂತರ ದ್ವಾರಸಮುದ್ರ. 13ನೇ ಶತಮಾನದಲ್ಲಿ ತಮಿಳುನಾಡಿನ ಕಣ್ಣನೂರೂ ಅವರ ಒಂದು ರಾಜಧಾನಿಯಾಗಿತ್ತು. ಬೇಲೂರು ಎಂದು ಬರೆದ ಮಗುವಿಗೆ ಯಾವ ಧೈರ್ಯದಲ್ಲಿ ಸೊನ್ನೆ ಕೊಡುವುದು? 'ಹೊಯ್ಸಳೇಶ್ವರ ದೇವಾಲಯವಿರುವ, ಹಿಂದೆ ಹೊಯ್ಸಳರ ರಾಜಧಾನಿಯಾಗಿದ್ದ ಊರಿನ ಇಂದಿನ ಹೆಸರು ______' ಎಂದರೆ ಬೇಲೂರೂ ಹೊರಗುಳಿಯುತ್ತದೆ, ಹಳೆಯ ಹೆಸರು ಬರೆಯಬೇಕೋ ಹೊಸ ಹೆಸರು ಬರೆಯಬೇಕೋ ಎಂಬ ಸಂಶಯವೂ ಉಳಿಯುವುದಿಲ್ಲ.

ಈಗ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ, ಅತಿ ಹೆಚ್ಚು ಅನ್ಯಾಯ ಮಾಡುವ ಪದಕ್ಕೆ ಬರುತ್ತೇನೆ: 'ಮೊದಲ'. ಒಂದು ತಾಲ್ಲೂಕಿನ ಪತ್ರಿಕೆಯಲ್ಲಿ 'ಕರ್ನಾಟಕದ ಮೊದಲ ಮುಖ್ಯಮಂತ್ರಿ ______' ಎಂದಿತ್ತು. ಕೀ ಉತ್ತರ ಎಸ್. ನಿಜಲಿಂಗಪ್ಪ. ನಾನು ನೋಡಿದ ಒಂದು ಉತ್ತರಪತ್ರಿಕೆಯಲ್ಲಿ ಒಬ್ಬ ಹುಡುಗಿ ದುಂಡಗಿನ ಅಕ್ಷರದಲ್ಲಿ 'ಕೆ. ಚೆಂಗಲರಾಯ ರೆಡ್ಡಿ' ಎಂದು ಪೂರ್ತಿ ಹೆಸರು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಆ ಹುಡುಗಿ ಊಹಿಸಿ ಬರೆದವಳಲ್ಲ. 1947ರಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ರೆಡ್ಡಿಯವರೇ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು. ಆ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆಗ ಆ ಹುದ್ದೆಯಲ್ಲಿದ್ದವರು ದೇವರಾಜ ಅರಸರು. ಅಕ್ಷರಶಃ ನೋಡಿದರೆ 'ಕರ್ನಾಟಕ' ಎಂಬ ಹೆಸರಿನ ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿ ಅರಸರೇ ಎಂದು ವಾದಿಸುವ ವಿದ್ಯಾರ್ಥಿಯ ಬಾಯಿ ಮುಚ್ಚಿಸುವುದು ಕಷ್ಟ.

'ಮೊದಲ' ಎಂಬುದು ಯಾವುದರಲ್ಲಿ ಮೊದಲು, ಎಲ್ಲಿಂದ ಎಣಿಸಿದರೆ ಮೊದಲು ಎಂದು ವಾಕ್ಯವೇ ಹೇಳಬೇಕು. '1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡವರು ______' ಎಂದು ಬರೆಯಿರಿ. 'ಮೊದಲ' ಎಂಬ ಪದವೇ ಬೇಕಾಗಲಿಲ್ಲ ನೋಡಿ. ದಿನಾಂಕ ಆ ಕೆಲಸ ಮಾಡಿತು. ನನ್ನ ಅನುಭವದಲ್ಲಿ 'ಮೊದಲ', 'ಸ್ಥಾಪಕ', 'ಪ್ರಮುಖ', 'ಪ್ರಸಿದ್ಧ' ಎಂಬ ಪದಗಳು ಕಂಡ ಕಡೆಯೆಲ್ಲ ಕೈ ತಡೆದು ಯೋಚಿಸಬೇಕು. ವಿಜಯನಗರದ ಸ್ಥಾಪಕ ಯಾರೆಂದು ಕೇಳಿದರೆ ಹರಿಹರ, ಬುಕ್ಕ, ಹರಿಹರ-ಬುಕ್ಕ, ವಿದ್ಯಾರಣ್ಯ ಎಂಬ ನಾಲ್ಕೂ ಉತ್ತರಗಳು ಬರುತ್ತವೆ. 'ಸಂಗಮ ವಂಶದಿಂದ ವಿಜಯನಗರವನ್ನು ಆಳಿದ ಮೊದಲ ಅರಸ ______' ಎಂದರೆ ಒಂದೇ.

1857ರ ಪಾಠದಲ್ಲೂ ಇದೇ ತೊಡಕು. '1857ರ ದಂಗೆ ಮೊದಲು ಆರಂಭವಾದ ಸ್ಥಳ ______.' ಮೀರತ್ ಎಂದು ಕೀ ಹೇಳುತ್ತದೆ, ಏಕೆಂದರೆ ಮೇ 10ರಂದು ಅಲ್ಲಿನ ಸಿಪಾಯಿಗಳು ಬಂಡೆದ್ದು ದೆಹಲಿಯ ಕಡೆ ಹೊರಟರು. ಆದರೆ ಮಂಗಲ್ ಪಾಂಡೆಯ ಕಥೆಯನ್ನು ಅದೇ ಪಾಠದಲ್ಲಿ ಮೈನವಿರೇಳುವಂತೆ ಹೇಳಿದವರೂ ನಾವೇ. ಅದು ನಡೆದದ್ದು ಮಾರ್ಚ್ 29ರಂದು, ಬ್ಯಾರಕ್‌ಪುರದಲ್ಲಿ. ಅದಕ್ಕೂ ಹಿಂದೆ ಫೆಬ್ರವರಿಯಲ್ಲಿ ಬಹರಾಂಪುರದ 19ನೇ ದಳದ ಸಿಪಾಯಿಗಳು ಹೊಸ ತೋಟಾಗಳನ್ನು ಮುಟ್ಟಲು ಒಪ್ಪಿರಲಿಲ್ಲ. ಬ್ಯಾರಕ್‌ಪುರ ಎಂದು ಬರೆದ ವಿದ್ಯಾರ್ಥಿ ಪಾಠವನ್ನು ಗಮನವಿಟ್ಟು ಕೇಳಿದವನು. ಇಲ್ಲಿ ನಮಗೆ ಬೇಕಾದದ್ದು ಎರಡು ಬೇರೆ ಬೇರೆ ತಿಳಿವಳಿಕೆ, ಎರಡಕ್ಕೂ ಎರಡು ವಾಕ್ಯ ಬರೆಯಬಹುದು. '1857ರ ಮೇ 10ರಂದು ಬಂಡೆದ್ದ ಸಿಪಾಯಿಗಳು ದೆಹಲಿಯತ್ತ ಹೊರಟ ದಂಡಿನ ನೆಲೆ ______' ಎಂಬುದು ಒಂದು. '1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಬ್ರಿಟಿಷ್ ಅಧಿಕಾರಿಗಳ ಮೇಲೆ ಆಕ್ರಮಣ ಮಾಡಿದ ಸಿಪಾಯಿ ______' ಎಂಬುದು ಇನ್ನೊಂದು. ಯಾವುದು ನಿಜವಾದ ಆರಂಭ ಎಂಬ ಚರ್ಚೆಯನ್ನು ತರಗತಿಗೆ ಉಳಿಸಿಕೊಳ್ಳೋಣ. ಅಲ್ಲಿ ಅದಕ್ಕೆ ಬೆಲೆಯಿದೆ.

ಒಂದು ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸಿದರೆ ನಾನು ಹೇಳುವುದು ಇನ್ನೂ ಸ್ಪಷ್ಟವಾಗಬಹುದು. 1565ರ ಯುದ್ಧವನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಎಡವುವ ಕಲ್ಲುಗಳು ತುಂಬ ಇವೆ.

ಸಾಮಾನ್ಯವಾಗಿ ನಾವು ಕೇಳುವುದು ಹೀಗೆ: 'ವಿಜಯನಗರದ ಪತನಕ್ಕೆ ಕಾರಣವಾದ ಯುದ್ಧ ನಡೆದ ಸ್ಥಳ ______.' ಉತ್ತರ ತಾಳಿಕೋಟೆ ಎಂದುಕೊಂಡಿರುತ್ತೇವೆ. ತಾಳಿಕೋಟೆ ಇರುವುದು ಕೃಷ್ಣಾ ನದಿಯ ಉತ್ತರಕ್ಕೆ. ಸುಲ್ತಾನರ ಸೈನ್ಯಗಳು ಒಟ್ಟುಗೂಡಿದ್ದು ಅಲ್ಲಿ. ಅಲ್ಲಿಂದ ಹೊರಟು ನದಿ ದಾಟಿದ ಮೇಲೆ, ದಕ್ಷಿಣದ ಬದಿಯಲ್ಲಿ ಯುದ್ಧ ನಡೆಯಿತು. ನದಿಯ ಬಳಿಯ ರಕ್ಕಸಗಿ ಮತ್ತು ತಂಗಡಗಿ ಎಂಬ ಊರುಗಳ ಹೆಸರಿನಲ್ಲಿ ಇದನ್ನು ರಕ್ಕಸತಂಗಡಿ ಯುದ್ಧ ಎಂದೂ ಕರೆಯುತ್ತಾರೆ. ಬನ್ನಿಹಟ್ಟಿಯ ಹೆಸರು ಹೇಳುವವರೂ ಇದ್ದಾರೆ. ಸ್ಥಳ ಕೇಳಿದ ಕೂಡಲೇ ಮೂರು ಉತ್ತರಗಳಿಗೆ ಎಡೆ ಮಾಡಿದಂತಾಯಿತು, ಅವುಗಳಲ್ಲಿ ತೀರ ದುರ್ಬಲವಾದದ್ದು ನಮ್ಮ ಕೀಯಲ್ಲಿರುವುದೇ. ಆದ್ದರಿಂದ ತಾಳಿಕೋಟೆ ಎಂಬುದನ್ನು ಯುದ್ಧದ ರೂಢಿಯ ಹೆಸರಾಗಿ ಪ್ರಶ್ನೆಯೊಳಗೇ ಕೊಟ್ಟುಬಿಡೋಣ, ಅದನ್ನು ಕೇಳುವುದು ಬೇಡ.

ಹಾಗಾದರೆ ವ್ಯಕ್ತಿಯನ್ನು ಕೇಳೋಣ: 'ತಾಳಿಕೋಟೆ ಯುದ್ಧದಲ್ಲಿ ಹತನಾದ ವಿಜಯನಗರದ ಅರಸ ______.' ಹತನಾದದ್ದು ಅಳಿಯ ರಾಮರಾಯ, ನಿಜ. ಆದರೆ ಅವನು ಅರಸನಾಗಿರಲಿಲ್ಲ. ಸಿಂಹಾಸನದ ಮೇಲೆ ಇದ್ದವನು ತುಳುವ ವಂಶದ ಸದಾಶಿವರಾಯ, ಶಾಸನಗಳು ಹೊರಡುತ್ತಿದ್ದದ್ದು ಅವನ ಹೆಸರಿನಲ್ಲಿ. ಅಧಿಕಾರವೆಲ್ಲ ರಾಮರಾಯನ ಕೈಯಲ್ಲಿತ್ತು. ಈ ವಾಕ್ಯದಲ್ಲಿ 'ಹತನಾದ' ಎಂಬ ಪದ ರಾಮರಾಯನ ಕಡೆಗೆ ಬೆರಳು ತೋರುತ್ತದೆ, 'ಅರಸ' ಎಂಬ ಪದ ಸದಾಶಿವರಾಯನ ಕಡೆಗೆ. ಪಾಠವನ್ನು ಚೆನ್ನಾಗಿ ಓದಿದವರಿಗೇ ಇದು ಹೆಚ್ಚು ಕಷ್ಟ ಕೊಡುತ್ತದೆ. ಅರೆಬರೆ ಓದಿದವನು ರಾಮರಾಯ ಎಂದು ಬರೆದು ಅಂಕ ಪಡೆಯುತ್ತಾನೆ, ಸದಾಶಿವರಾಯನ ವಿಷಯ ತಿಳಿದವನು ಅವನ ಹೆಸರು ಬರೆದು ಕಳೆದುಕೊಳ್ಳುತ್ತಾನೆ.

'ಅರಸ' ಎಂಬುದನ್ನು ತೆಗೆದು 'ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ಸೇನೆಯನ್ನು ಮುನ್ನಡೆಸಿದವನು ______' ಎಂದರೆ ಆದೀತೇ? ಇನ್ನೂ ಇಲ್ಲ. ರಾಮರಾಯನ ತಮ್ಮಂದಿರಾದ ತಿರುಮಲ ಮತ್ತು ವೆಂಕಟಾದ್ರಿ ಆ ದಿನ ಸೇನೆಯ ಎರಡು ಪಾರ್ಶ್ವಗಳನ್ನು ನಡೆಸಿದ್ದರು. ಅವರ ಹೆಸರು ಬರೆದವರನ್ನು ತಪ್ಪೆನ್ನಲು ವಾಕ್ಯದಲ್ಲಿ ಆಧಾರವಿಲ್ಲ. 'ಕೃಷ್ಣದೇವರಾಯನ ಅಳಿಯ' ಎಂದು ಸೇರಿಸಿದರೆ ತಮ್ಮಂದಿರ ಸಂಶಯ ಬಹುಮಟ್ಟಿಗೆ ಕಳೆಯುತ್ತದೆ, ಆದರೆ ಈಗ ಅವನ ಹೆಸರಿಗೇ ಅಂಟಿಕೊಂಡ 'ಅಳಿಯ' ಎಂಬ ಪದವನ್ನು ಪ್ರಶ್ನೆಯೇ ಹೇಳಿಕೊಟ್ಟಂತಾಯಿತು. ಬೇಲಿ ಬಿಗಿ ಮಾಡಲು ಹೋಗಿ ಉತ್ತರವನ್ನೇ ಬಿಟ್ಟುಕೊಡುವುದು ಈ ಕೆಲಸದ ಇನ್ನೊಂದು ಅಪಾಯ. ಅದಕ್ಕಾಗಿ ಬೇರೆ ಸುಳಿವು ಹುಡುಕಬೇಕು.

ಕೊನೆಗೆ ನನಗೆ ಒಪ್ಪಿಗೆಯಾದದ್ದು ಈ ರೂಪ:

ಸದಾಶಿವರಾಯನ ಹೆಸರಿನಲ್ಲಿ ವಿಜಯನಗರದ ಆಡಳಿತ ನಡೆಸುತ್ತಿದ್ದು, 1565ರ ತಾಳಿಕೋಟೆ ಯುದ್ಧದಲ್ಲಿ ಸೆರೆಸಿಕ್ಕು ಹತನಾದವನು ______.

ಅರಸ ಯಾರೆಂಬುದು ಪ್ರಶ್ನೆಯಲ್ಲೇ ಇದೆ, ಹಾಗಾಗಿ ಸದಾಶಿವರಾಯ ಉತ್ತರವಾಗಲಾರ. ತಿರುಮಲ ಸೆರೆಸಿಕ್ಕಲಿಲ್ಲ, ಅರಸನನ್ನು ಕರೆದುಕೊಂಡು, ಬೊಕ್ಕಸವನ್ನೂ ಹೊತ್ತುಕೊಂಡು ಪೆನುಗೊಂಡೆಯ ಕಡೆ ಹೋದ. ಅರಸನ ಹೆಸರಿನಲ್ಲಿ ರಾಜ್ಯ ನಡೆಸಿದ್ದು ವೆಂಕಟಾದ್ರಿಯಲ್ಲ. ಉಳಿದವನು ಒಬ್ಬನೇ. ಇದರ ಜೊತೆಗೆ ಪರೀಕ್ಷೆಯ ಮಟ್ಟವೂ ಏರಿದೆ ಎಂಬುದನ್ನು ಗಮನಿಸಿ. ಬರಿ ಹೆಸರನ್ನು ಬಾಯಿಪಾಠ ಮಾಡಿದವನಿಗಿಂತ, ಅರಸ ಬೇರೆ ಅಧಿಕಾರಸ್ಥ ಬೇರೆ ಎಂಬುದನ್ನು ತಿಳಿದವನಿಗೆ ಈ ವಾಕ್ಯ ಒಲಿಯುತ್ತದೆ. ವರ್ಷ ಕೇಳುವುದಾದರೆ 1565 ಎಂಬುದನ್ನು ಧೈರ್ಯವಾಗಿ ಕೇಳಬಹುದು. ದಿನಾಂಕ ಬೇಡ, ಜನವರಿ 23 ಎನ್ನುವವರೂ 26 ಎನ್ನುವವರೂ ಇದ್ದಾರೆ. ಎಷ್ಟು ಸುಲ್ತಾನರು ಸೇರಿದ್ದರು ಎಂದೂ ಕೇಳಬೇಡಿ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಎಂದು ನಾಲ್ಕು ಎಣಿಸುವ ಪುಸ್ತಕಗಳಿವೆ, ಬೀರಾರ್ ಸೇರಿಸಿ ಐದು ಎನ್ನುವ ಪುಸ್ತಕಗಳೂ ಇವೆ.

ಇಲ್ಲಿಯವರೆಗೆ ಹೇಳಿದ್ದು ವಾಕ್ಯದ ಸಡಿಲತೆಯಿಂದ ಹುಟ್ಟುವ ಎರಡನೇ ಉತ್ತರಗಳ ಬಗ್ಗೆ. ವಾಕ್ಯವನ್ನು ಎಷ್ಟು ಬಿಗಿ ಮಾಡಿದರೂ ತೀರದ ಭಿನ್ನಾಭಿಪ್ರಾಯಗಳೂ ಇತಿಹಾಸದಲ್ಲಿವೆ. ವಿದ್ವಾಂಸರಲ್ಲೇ ಒಮ್ಮತವಿಲ್ಲದ ವಿಷಯ ಅದು. 'ಕವಿರಾಜಮಾರ್ಗವನ್ನು ಬರೆದವನು ______' ಎಂಬುದು ಇದಕ್ಕೆ ಒಳ್ಳೆಯ ಉದಾಹರಣೆ. ನೃಪತುಂಗನೇ ಬರೆದ ಎಂಬ ಅಭಿಪ್ರಾಯ ಬಹಳ ಕಾಲ ಬಳಕೆಯಲ್ಲಿತ್ತು. ಅವನ ಆಸ್ಥಾನದ ಶ್ರೀವಿಜಯ ಬರೆದ ಎಂಬುದನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಮಗುವಿನ ಅಜ್ಜ ಓದಿದ ಪುಸ್ತಕದಲ್ಲಿ ಒಂದು, ಅಕ್ಕ ಓದಿದ ಪುಸ್ತಕದಲ್ಲಿ ಇನ್ನೊಂದು ಇದ್ದರೂ ಇರಬಹುದು. ಇಂಥ ಕಡೆ ನನಗೆ ಗೊತ್ತಿರುವ ದಾರಿ ಒಂದು: ಎರಡೂ ಪಕ್ಷದವರು ಒಪ್ಪುವ ಸಂಗತಿ ಯಾವುದೋ ಅದನ್ನು ಹುಡುಕಿ, ಖಾಲಿ ಜಾಗವನ್ನು ಅಲ್ಲಿಗೆ ಸರಿಸುವುದು. ಕರ್ತೃ ಯಾರೇ ಆಗಿರಲಿ, ಕೃತಿ ಯಾವ ಅರಸನ ಕಾಲದ್ದು ಎಂಬುದರಲ್ಲಿ ಜಗಳವಿಲ್ಲ. 'ಕವಿರಾಜಮಾರ್ಗ ರಚನೆಯಾದ ಕಾಲದಲ್ಲಿ ಆಳುತ್ತಿದ್ದ ರಾಷ್ಟ್ರಕೂಟ ಅರಸ ______' ಎಂದು ಕೇಳಿದರೆ ಅಜ್ಜನ ಪುಸ್ತಕದವನೂ ಅಕ್ಕನ ಪುಸ್ತಕದವನೂ ಒಂದೇ ಹೆಸರು ಬರೆಯುತ್ತಾರೆ.

ಹಲ್ಮಿಡಿ ಶಾಸನಕ್ಕೂ ಇದೇ ಉಪಾಯ. 'ಕನ್ನಡದ ಮೊದಲ ಶಾಸನ ______' ಎಂದು ಕೇಳಿ ಹಲ್ಮಿಡಿ ಎಂಬ ಉತ್ತರ ನಿರೀಕ್ಷಿಸುವುದು ನಮ್ಮ ಹಳೆಯ ರೂಢಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು, 370ರ ಸುಮಾರಿನದು ಎಂಬ ವಾದ ಬಂದ ಮೇಲೆ, ಪತ್ರಿಕೆ ಓದುವ ವಿದ್ಯಾರ್ಥಿ ತಾಳಗುಂದ ಎಂದು ಬರೆದರೆ ನಮ್ಮಲ್ಲಿ ಉತ್ತರವಿಲ್ಲ. 'ಹಲ್ಮಿಡಿ ಶಾಸನದಲ್ಲಿ ಉಲ್ಲೇಖಗೊಂಡ ಕಾಕುಸ್ಥ ಸೇರಿದ ರಾಜಮನೆತನ ______' ಎಂದು ಕೇಳಿದರೆ ಕದಂಬ ಎಂಬುದು ಯಾವ ಪಕ್ಷಕ್ಕೂ ಅಡ್ಡಬರದ ಉತ್ತರ.

'ಪಠ್ಯಪುಸ್ತಕದ ಪ್ರಕಾರ' ಎಂದು ಪ್ರಶ್ನೆಯ ಮೊದಲು ಸೇರಿಸಿಬಿಟ್ಟರೆ ಸಾಕಲ್ಲವೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತಕರಾರು ಬಂದಾಗ ಅದು ಶಿಕ್ಷಕರನ್ನು ಕಾಪಾಡುತ್ತದೆ. ಆದರೆ ಅದು ಮಗುವನ್ನು ಕಾಪಾಡುವುದಿಲ್ಲ. ಪಠ್ಯಪುಸ್ತಕದ ಆಚೆಗೆ ಓದಿದವನು ಓದಿದ್ದನ್ನು ಮರೆತಂತೆ ನಟಿಸಬೇಕಾಗುತ್ತದೆ. ಪುಸ್ತಕ ಪರಿಷ್ಕರಣೆಯಾದಾಗ ಹಳೆಯ ಪುಸ್ತಕ ಹಿಡಿದವನಿಗೆ ಒಂದು ಉತ್ತರ, ಹೊಸದು ಹಿಡಿದವನಿಗೆ ಇನ್ನೊಂದು. ವಾಕ್ಯವನ್ನು ಸರಿಪಡಿಸಲು ಸಾಧ್ಯವಿರುವ ಕಡೆ ಈ ಊರುಗೋಲು ಬೇಡ ಎಂಬುದು ನನ್ನ ಅಭಿಪ್ರಾಯ.

ಕೆಲವು ಸಂಗತಿಗಳಂತೂ ಬಿಟ್ಟ ಸ್ಥಳಕ್ಕೆ ಒಗ್ಗುವುದೇ ಇಲ್ಲ, ಅವುಗಳನ್ನು ಅಲ್ಲಿಗೆ ತರಲೇಬಾರದು. '1857ರ ದಂಗೆಗೆ ತಕ್ಷಣದ ಕಾರಣ' ಎಂಬುದಕ್ಕೆ ಕೊಬ್ಬು ಸವರಿದ ತೋಟಾ ಎಂದು ಬರೆಯಬಹುದು. 'ಪ್ರಮುಖ ಕಾರಣ' ಎಂದ ಕೂಡಲೇ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ, ಭೂಕಂದಾಯ, ಸಿಪಾಯಿಗಳ ಸಂಬಳದ ತಾರತಮ್ಯ ಎಲ್ಲವೂ ಸರಿ. ಅದು ನಾಲ್ಕು ಅಂಕದ ಪ್ರಶ್ನೆಗೆ ಸೇರಬೇಕಾದದ್ದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಸಂಖ್ಯೆಯನ್ನು ಕೇಳುವ ಪತ್ರಿಕೆಗಳನ್ನೂ ನೋಡಿದ್ದೇನೆ. ಆಗಿನ ಸರ್ಕಾರ ಹೇಳಿದ ಸಂಖ್ಯೆ ಒಂದು, ಜನ ಹೇಳುತ್ತ ಬಂದ ಸಂಖ್ಯೆ ಇನ್ನೊಂದು. ಸತ್ತವರ ಲೆಕ್ಕದಲ್ಲಿ ಯಾವುದನ್ನು ನಂಬಬೇಕೆಂದು ಹದಿನೈದು ವರ್ಷದ ಮಗುವಿಗೆ ಒಂದು ಅಂಕದ ಆಸೆ ತೋರಿಸಿ ಹೇಳುವುದು ಸರಿಯಲ್ಲ. ಊರಿನ ಹೆಸರು ಕೇಳಿ: '1938ರ ಏಪ್ರಿಲ್‌ನಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ, ಗೌರಿಬಿದನೂರು ತಾಲ್ಲೂಕಿನ ಊರು ______.' ತಾಲ್ಲೂಕಿನ ಹೆಸರು ಅಲ್ಲಿ ಸುಮ್ಮನೆ ಇಲ್ಲ. ಅದೇ ತಿಂಗಳು ಧ್ವಜ ಸತ್ಯಾಗ್ರಹ ನಡೆದ ಮದ್ದೂರಿನ ಶಿವಪುರವನ್ನು ಬರೆಯುವವರಿರುತ್ತಾರೆ, ಅವರಿಗೆ ದಾರಿ ತೋರಿಸಲು ಅದು ಬೇಕು.

ಕೀ ಉತ್ತರ ಬರೆಯುವಾಗ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಒಂದೇ ಉತ್ತರದ ಹಲವು ಹೆಸರುಗಳು ಬೇರೆ, ಹಲವು ಉತ್ತರಗಳು ಬೇರೆ. ಮಯೂರಶರ್ಮ, ಮಯೂರವರ್ಮ, ಪುಲಕೇಶಿ, ಪುಲಿಕೇಶಿ, ರಾಮರಾಯ, ರಾಮರಾಜ, ಅಳಿಯ ರಾಮರಾಯ, ಅಮೋಘವರ್ಷ, ನೃಪತುಂಗ. ಇವೆಲ್ಲ ಒಬ್ಬೊಬ್ಬನೇ ವ್ಯಕ್ತಿಯ ಹೆಸರುಗಳು. ಇವುಗಳಿಗಾಗಿ ಪ್ರಶ್ನೆ ಬದಲಿಸುವ ಅಗತ್ಯವಿಲ್ಲ, ಮೌಲ್ಯಮಾಪಕರ ಕೈಗೆ ಹೋಗುವ ಕೀಯಲ್ಲಿ ಎಲ್ಲ ರೂಪಗಳನ್ನೂ ಬರೆದರೆ ಸಾಕು. ಬರಿ 'ಪುಲಕೇಶಿ' ಎಂದರೆ ಒಂದನೆಯವನೋ ಎರಡನೆಯವನೋ ಎಂಬುದನ್ನೂ ಅಲ್ಲೇ ತೀರ್ಮಾನಿಸಿ: ಸಂಖ್ಯೆ ಬರೆಯದಿದ್ದರೆ ಅಂಕ ಉಂಟೋ ಇಲ್ಲವೋ? ಅದನ್ನು ಹೇಳದೆ ಬಿಟ್ಟರೆ ಒಂದು ಶಾಲೆಯಲ್ಲಿ ಕೊಡುತ್ತಾರೆ, ಪಕ್ಕದ ಶಾಲೆಯಲ್ಲಿ ಕೊಡುವುದಿಲ್ಲ. ಆದರೆ ನಿಜವಾದ ಎರಡನೇ ಉತ್ತರವೊಂದು ಹೊಳೆದರೆ ಅದನ್ನು ಕೀಗೆ ಸೇರಿಸಿ ಸಮಾಧಾನಪಟ್ಟುಕೊಳ್ಳಬೇಡಿ. ಪತ್ರಿಕೆ ಇನ್ನೂ ಮುದ್ರಣಕ್ಕೆ ಹೋಗಿಲ್ಲವೆಂದಾದರೆ ವಾಕ್ಯವನ್ನೇ ತಿದ್ದಿ.

ಎರಡನೇ ಉತ್ತರ ಹೊಳೆಯುವುದು ಹೇಗೆ? ಪ್ರಶ್ನೆ ತೆಗೆದವರಿಗೆ ಅದು ಹೊಳೆಯುವುದು ಬಹಳ ಕಷ್ಟ, ಏಕೆಂದರೆ ಅವರ ತಲೆಯಲ್ಲಿ ಉತ್ತರ ಮೊದಲೇ ಕೂತಿರುತ್ತದೆ. ಅದಕ್ಕೆ ಪತ್ರಿಕೆಯ ಆ ಭಾಗವನ್ನಷ್ಟೇ, ಕೀ ಇಲ್ಲದೆ, ಗೋಪ್ಯತೆ ಕಾಯುವ ಇನ್ನೊಬ್ಬ ಸಹೋದ್ಯೋಗಿಗೆ ಕೊಡಿ. ಸರಿಯುತ್ತರ ಬರೆಯಿರಿ ಎಂದು ಕೇಳಬೇಡಿ. ಈ ಗೆರೆಯ ಮೇಲೆ ಕೂತು ವಾಕ್ಯವನ್ನು ಸತ್ಯವಾಗಿಸುವ ಎಷ್ಟು ಪದಗಳಿವೆ, ಎಲ್ಲವನ್ನೂ ಬರೆಯಿರಿ ಎನ್ನಿ. ಟಿಪ್ಪುವಿನ ವಾಕ್ಯಕ್ಕೆ ಅವರು ನಿಮಿಷದೊಳಗೆ ನಾಲ್ಕು ಬರೆಯುತ್ತಾರೆ. ತಿದ್ದಿದ ವಾಕ್ಯಕ್ಕೆ ಒಂದು ಬರೆದು ಪೆನ್ನು ಕೆಳಗಿಡುತ್ತಾರೆ.

ಪರೀಕ್ಷೆ ಮುಗಿದ ಮೇಲೂ ಕೆಟ್ಟ ಪ್ರಶ್ನೆಯನ್ನು ಪತ್ತೆ ಹಚ್ಚಬಹುದು. ನಲವತ್ತು ಮಕ್ಕಳ ತರಗತಿ ಎಂದುಕೊಳ್ಳಿ. ಉತ್ತರಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ ಹತ್ತನ್ನೂ ಕೆಳಗಿನ ಹತ್ತನ್ನೂ ಬೇರೆ ಮಾಡಿ. ಒಂದು ಬಿಟ್ಟ ಸ್ಥಳವನ್ನು ಎರಡು ಗುಂಪಿನಲ್ಲೂ ಎಷ್ಟು ಮಂದಿ ಸರಿ ಬರೆದಿದ್ದಾರೆ ನೋಡಿ. ಮೇಲಿನ ಗುಂಪಿನಲ್ಲಿ ಎಂಟು ಮಂದಿ, ಕೆಳಗಿನದರಲ್ಲಿ ಮೂವರು ಸರಿ ಬರೆದಿದ್ದರೆ ಪ್ರಶ್ನೆ ತನ್ನ ಕೆಲಸ ಮಾಡಿದೆ. ಎರಡೂ ಕಡೆ ನಾಲ್ಕು ನಾಲ್ಕು ಎಂದಾದರೆ, ಅಥವಾ ಮೇಲಿನವರೇ ಹೆಚ್ಚು ತಪ್ಪಿದ್ದರೆ, ಅವರು ಬರೆದ 'ತಪ್ಪು' ಉತ್ತರವನ್ನು ಓದಿ. ಅವರಲ್ಲಿ ಐದಾರು ಮಂದಿ ಒಂದೇ ಪದ ಬರೆದಿದ್ದರೆ ಅದು ಕೆ. ಚೆಂಗಲರಾಯ ರೆಡ್ಡಿಯ ಥರದ ಉತ್ತರ ಎಂದು ತಿಳಿಯಿರಿ. ಬೇರೆ ಬೇರೆ ಪದಗಳು ಚೆಲ್ಲಾಪಿಲ್ಲಿಯಾಗಿದ್ದರೆ ಪಾಠ ಮುಟ್ಟಿಲ್ಲ ಅಥವಾ ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿದಿಲ್ಲ. ಚಿಕ್ಕ ತರಗತಿಯಲ್ಲಿ ಈ ಲೆಕ್ಕವನ್ನು ಅಂತಿಮ ತೀರ್ಪಾಗಿ ತೆಗೆದುಕೊಳ್ಳಲಾಗದು. ಆದರೆ ಯಾವ ಪ್ರಶ್ನೆಯನ್ನು ಮತ್ತೊಮ್ಮೆ ಓದಬೇಕು ಎಂದು ಹೇಳಲು ಅದು ಸಾಕು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾದರಿ ಉತ್ತರಗಳನ್ನು ಮಂಡಳಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ತಾಲ್ಲೂಕು ಮಟ್ಟದ ಪತ್ರಿಕೆಗಳಿಗೆ ಆ ಏರ್ಪಾಡು ಇರುವುದು ಅಪರೂಪ. ಪರೀಕ್ಷೆಯಾದ ದಿನವೇ ಕೀ ಉತ್ತರವನ್ನು ಎಲ್ಲ ಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗೆ ಕಳಿಸಿ, ತಿದ್ದುವ ಕೆಲಸ ಶುರುವಾಗುವ ಮೊದಲು ಆಕ್ಷೇಪಣೆಗೆ ಎರಡು ದಿನ ಬಿಡಿ. ಮಕ್ಕಳೂ ತಮ್ಮ ಶಿಕ್ಷಕರ ಮೂಲಕ ಆಧಾರ ಸಮೇತ ಆಕ್ಷೇಪಣೆ ಕೊಡಬಹುದು ಎಂದು ಪ್ರಾರ್ಥನೆಯ ವೇಳೆ ಹೇಳಿ. ಒಪ್ಪಿಗೆಯಾದ ಉತ್ತರವನ್ನು ಕೀಗೆ ಸೇರಿಸಿ, ಆ ಪ್ರಶ್ನೆಯನ್ನು ಪ್ರಶ್ನೆಕೋಠಿಯಿಂದ ತೆಗೆದು ತಿದ್ದಿದ ರೂಪವನ್ನು ಅದರ ಜಾಗದಲ್ಲಿ ಇಡಿ. ಈ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಿಂದಲೇ ಇದನ್ನು ಆರಂಭಿಸಲು ನಿಮ್ಮ ತಾಲ್ಲೂಕಿನ ವಿಷಯ ಶಿಕ್ಷಕರ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸಿ. ನಮ್ಮ ತಾಲ್ಲೂಕಿನ ಸಭೆಯಲ್ಲಿ ನಾನೂ ಇದೇ ಪ್ರಸ್ತಾವ ಇಡುತ್ತಿದ್ದೇನೆ.

ಇಂತಿ ನಿಮ್ಮ ಸಹೋದ್ಯೋಗಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕ